ಬಾಟಲಿಯಲ್ಲಿ ಜೇಡಿ ಮೇಲೆ, ಪಾಯದ ಗುಂಡಿಯಲ್ಲಿ ಜೇಡಿ ಕೆಳಗೆ: ಹೀಗೇಕೆ?

ಪ್ರಶ್ನೆ: ಮೇಡಂ, ನಾನು ಒಂಬತ್ತನೇ ತರಗತಿ. ಶಾಲೆಯಲ್ಲಿ ಬಾಟಲಿಗೆ ಮಣ್ಣು, ನೀರು ಹಾಕಿ ಕುಲುಕಿ ಇಟ್ಟಾಗ ಮರಳು ಕೆಳಗೆ ಕೂತಿತು, ಜೇಡಿಮಣ್ಣು ಮೇಲೆ ಬಂತು. ನೆಲದಲ್ಲಿ ಪದರ ಆಗೋದೂ ಹೀಗೇ ಅಂದ್ಕೊಂಡಿದ್ದೆ. ಆದರೆ ನಮ್ಮ ಮನೆ ಪಕ್ಕ ಪಾಯ ತೋಡಿದಾಗ ನೋಡಿದರೆ ಉಲ್ಟಾ ಇತ್ತು. ಮೇಲೆ ಮರಳು ಮರಳು, ಅದರ ಕೆಳಗೆ ಅಂಟು ಕೆಂಪು ಮಣ್ಣು, ಇನ್ನೂ ಕೆಳಗೆ ಕಲ್ಲಿನ ಥರ ಕಂಡರೂ ಕೈಯಲ್ಲೇ ಪುಡಿಯಾಗೋ ಏನೋ ಒಂದು. ಯಾಕೆ ಹೀಗೆ? ಮತ್ತೆ, ಲಾಲ್‌ಬಾಗ್ ಬಂಡೆ 300 ಕೋಟಿ ವರ್ಷ ಹಳೇದು ಅಂತಾರೆ. ಅಷ್ಟು ವರ್ಷದಲ್ಲಿ ಮಣ್ಣು ಐದಾರು ಅಡಿ ಮಾತ್ರ ಆಗಿದ್ದು ಯಾಕೆ?
– ವಿದ್ಯಾರ್ಥಿನಿ, ಬೆಂಗಳೂರು

ಉತ್ತರ:

ನೀನು ಗುಂಡಿಯಲ್ಲಿ ನೋಡಿದ್ದು ಸರಿಯಾಗಿಯೇ ಇದೆ. ಬಾಟಲಿಯಲ್ಲಿ ಆದದ್ದೂ ಸರಿ. ಆದರೆ ಎರಡೂ ಕಡೆ ನಡೆದ ಕೆಲಸ ಬೇರೆ. ಬಾಟಲಿಯಲ್ಲಿ ಕಣಗಳು ನೀರಿನಲ್ಲಿ ಇಳಿದು ಒಂದರ ಮೇಲೊಂದು ಕೂತವು. ನಿನ್ನ ಮನೆ ಪಕ್ಕದ ಮಣ್ಣು ಹಾಗೆ ಎಲ್ಲಿಂದಲೋ ಬಂದು ಕೂತದ್ದಲ್ಲ. ಅಲ್ಲಿ ಮೊದಲು ಇದ್ದದ್ದು ಒಂದೇ ಬಂಡೆ. ಆ ಬಂಡೆ ಇದ್ದ ಜಾಗದಲ್ಲೇ ಕೊಳೆಯಿತು. ಮೇಲಿಂದ ಇಳಿಯುವ ಮಳೆನೀರು, ಬೇರು, ಹುಳ, ಗೆದ್ದಲು ಎಲ್ಲ ಸೇರಿ ಅದನ್ನು ಮೇಲೆ ಒಂದು ಥರ, ಕೆಳಗೆ ಇನ್ನೊಂದು ಥರ ಮಾಡಿದವು.

ಹಾಗಾಗಿ ಕೆಳಗಿನ ಪದರ ಹಳೆಯದು, ಮೇಲಿನದು ಹೊಸದು ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಜಾಸ್ತಿ ಕಾಲ ಮಳೆಗೆ ಸಿಕ್ಕಿರುವುದು ಮೇಲಿನ ಮಣ್ಣು. ತಳದಲ್ಲಿ ಪುಡಿಯಾಗುವ ಕಲ್ಲು ಈಗಷ್ಟೇ ಮಣ್ಣಾಗುವ ದಾರಿ ಹಿಡಿದಿದೆ. ಆದ್ದರಿಂದ ನಿನ್ನ ಗುಂಡಿಯ ಗೋಡೆಯನ್ನು ಕೆಳಗಿನಿಂದ ಮೇಲಕ್ಕೆ ಓದಿಕೊಂಡು ಬರೋಣ. ಕಲ್ಲು ಮಣ್ಣಾಗುವ ಹಂತಗಳು ಅದೇ ಕ್ರಮದಲ್ಲಿ ಸಿಗುತ್ತವೆ.

ಎಲ್ಲದರ ತಳದಲ್ಲಿ ಇರುವುದು ಲಾಲ್‌ಬಾಗ್‌ನಲ್ಲಿ ಕಾಣುವಂಥದೇ ಬಂಡೆ. ಅದರ ಹೆಸರು ನೈಸ್. ಲಾಲ್‌ಬಾಗ್ ಬಂಡೆಯನ್ನು 1975ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಗುರುತಿಸಿತು. ಮುಂದಿನ ಸಲ ಹೋದಾಗ ಬಂಡೆಯನ್ನು ತೀರ ಹತ್ತಿರದಿಂದ ನೋಡು. ಬಿಳಿ ಮತ್ತು ಕಪ್ಪು ಗೆರೆಗಳು ಪಕ್ಕಪಕ್ಕದಲ್ಲೇ ಓಡುತ್ತವೆ. ಅದರಲ್ಲಿ ಮುಖ್ಯವಾಗಿ ಮೂರು ಖನಿಜ ಇವೆ. ಬಿಳಿ ಅಥವಾ ತಿಳಿ ಗುಲಾಬಿ ಬಣ್ಣದ್ದು ಫೆಲ್ಡ್‌ಸ್ಪಾರ್. ಗಾಜಿನ ಚೂರಿನ ಹಾಗೆ ಕಾಣುವುದು ಬೆಣಚು. ಕಪ್ಪಗೆ ಮಿರಿಮಿರಿ ಅನ್ನುವ ತೆಳು ಹಾಳೆಗಳು ಕರಿ ಕಾಗೆಬಂಗಾರ, ಪುಸ್ತಕದಲ್ಲಿ ಬಯೊಟೈಟ್ ಅಂತ ಇರುತ್ತದೆ. ಈ ಮೂರನ್ನು ನೆನಪಿಟ್ಟುಕೋ. ನಿನ್ನ ಗುಂಡಿಯ ಪದರಗಳೆಲ್ಲ ಈ ಮೂರಕ್ಕೆ ಏನಾಯಿತು ಅನ್ನುವ ಕಥೆಯೇ.

ಬಂಡೆ ಒಡೆಯುವುದು ಹೇಗೆ ಅಂದರೆ, ಬಿರುಕಿನಲ್ಲಿ ನೀರು ಹೆಪ್ಪುಗಟ್ಟಿ ಹಿಗ್ಗಿ ಕಲ್ಲನ್ನು ಸೀಳುತ್ತದೆ ಅಂತ ಪಾಠದಲ್ಲಿ ಓದಿರುತ್ತೀಯ. ಹಿಮಾಲಯದಲ್ಲಿ ಅದು ನಿಜ. ಬೆಂಗಳೂರಿನಲ್ಲಿ ಅದು ನಡೆಯುವುದಿಲ್ಲ. ಇಲ್ಲಿ ದಾಖಲಾದ ಅತಿ ಕಡಿಮೆ ತಾಪಮಾನವೇ 7.8 ಡಿಗ್ರಿ ಸೆಲ್ಸಿಯಸ್, ಅದೂ 1884ರ ಜನವರಿಯಲ್ಲಿ. ನೀರು ಹೆಪ್ಪುಗಟ್ಟಲು ಸೊನ್ನೆ ಡಿಗ್ರಿ ಬೇಕು, ಅಲ್ವಾ?

ನಮ್ಮ ಬಂಡೆಯ ಬಿರುಕುಗಳಿಗೆ ಬೇರೆ ಕಾರಣ ಇದೆ. ಈ ನೈಸ್ ರೂಪುಗೊಂಡದ್ದು ನೆಲದ ಮೇಲಲ್ಲ, ಹಲವು ಕಿಲೋಮೀಟರ್ ಆಳದಲ್ಲಿ, ತುಂಬಾ ಬಿಸಿ ಮತ್ತು ಒತ್ತಡದ ನಡುವೆ. ಮೇಲಿದ್ದ ಬಂಡೆಯೆಲ್ಲ ಸವೆದು ಹೋಗುತ್ತಾ ಬಂದ ಹಾಗೆ ಮೇಲಿನ ಭಾರ ಕಡಿಮೆಯಾಯಿತು. ಭಾರ ಇಳಿದಾಗ ಬಂಡೆ ಸ್ವಲ್ಪ ಹಿಗ್ಗುತ್ತದೆ. ಹಿಗ್ಗುವಾಗ ಮೇಲ್ಮೈಗೆ ಸಮಾನಾಂತರವಾಗಿ ಹಾಳೆ ಹಾಳೆಯಾಗಿ ಬಿರಿಯುತ್ತದೆ. ಸಾವನದುರ್ಗದ ಬೆಟ್ಟದಲ್ಲಿ ಇಂಥ ದಪ್ಪ ಹಾಳೆಗಳು ದೂರದಿಂದಲೇ ಕಾಣುತ್ತವೆ. ಅದು ನೈಸ್ ಅಲ್ಲ, ಅದಕ್ಕಿಂತ ಚಿಕ್ಕ ವಯಸ್ಸಿನ ಗ್ರಾನೈಟ್. ಆದರೆ ಬಿರಿಯುವ ರೀತಿ ಒಂದೇ.

ಬಿರುಕು ಸಿಕ್ಕಿತು ಅಂದರೆ ನೀರಿಗೆ ದಾರಿ ಸಿಕ್ಕಿತು. ಮಳೆನೀರು ಗಾಳಿಯಲ್ಲಿರುವ ಕಾರ್ಬನ್ ಡೈಆಕ್ಸೈಡ್ ಹೀರಿಕೊಂಡು ಸ್ವಲ್ಪ ಹುಳಿಯಾಗಿರುತ್ತದೆ. ಕೊಳೆ ಸೇರದ ಮಳೆನೀರಿನ ಪಿಎಚ್ ಸುಮಾರು 5.6. ಇಷ್ಟು ಹುಳಿಯಿಂದ ಏನೂ ಆಗದು ಅನ್ನಿಸಬಹುದು. ಆದರೆ ಅದೇ ನೀರು ಮಣ್ಣಿನೊಳಗೆ ಇಳಿದಾಗ ಇನ್ನಷ್ಟು ಹುಳಿಯಾಗುತ್ತದೆ. ಬೇರುಗಳೂ ಸೂಕ್ಷ್ಮಜೀವಿಗಳೂ ಉಸಿರಾಡುವುದರಿಂದ ಮಣ್ಣಿನ ಸಂದಿಗಳಲ್ಲಿರುವ ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಹೊರಗಿನದಕ್ಕಿಂತ ಹತ್ತು ಪಟ್ಟು, ಕೆಲವೊಮ್ಮೆ ನೂರು ಪಟ್ಟು ಜಾಸ್ತಿ ಇರುತ್ತದೆ. ಹಾಗಾಗಿ ಬಂಡೆಯನ್ನು ಕೊಳೆಸುವ ಕೆಲಸದಲ್ಲಿ ಮೇಲೆ ಬೆಳೆದಿರುವ ಗಿಡಮರಗಳದ್ದೂ ಪಾಲಿದೆ.

ಈ ಹುಳಿ ನೀರು ಮೂರು ಖನಿಜಗಳ ಜೊತೆ ಮೂರು ಥರ ನಡೆದುಕೊಳ್ಳುತ್ತದೆ.

ಕರಿ ಕಾಗೆಬಂಗಾರದಲ್ಲಿ ಕಬ್ಬಿಣ ಇದೆ. ನೀರು ಮತ್ತು ಆಮ್ಲಜನಕ ಸಿಕ್ಕ ತಕ್ಷಣ ಆ ಕಬ್ಬಿಣ ತುಕ್ಕು ಹಿಡಿಯಲು ಶುರು ಮಾಡುತ್ತದೆ. ಹಾಳೆಗಳ ನಡುವೆ ನೀರು ಸೇರಿ ಅದು ಉಬ್ಬುತ್ತದೆ. ಕಪ್ಪಗಿದ್ದದ್ದು ಕಂದಾಗಿ, ಆಮೇಲೆ ಹೊಂಬಣ್ಣಕ್ಕೆ ತಿರುಗುತ್ತದೆ. ಬಂಡೆಯ ಒಳಗೆ ಸಾವಿರಾರು ಚಿಕ್ಕ ಹಾಳೆಗಳು ಹೀಗೆ ಒಟ್ಟಿಗೆ ಉಬ್ಬಿದರೆ ಅಕ್ಕಪಕ್ಕದ ಕಾಳುಗಳ ಹಿಡಿತ ಬಿಟ್ಟುಹೋಗುತ್ತದೆ. ಗಟ್ಟಿ ಬಂಡೆ ಒಳಗಿನಿಂದಲೇ ಸಡಿಲವಾಗುವುದು ಬಹುಮಟ್ಟಿಗೆ ಹೀಗೆ. ಮಂಜುಗಡ್ಡೆ ಇಲ್ಲದ ನಮ್ಮ ಊರಿನಲ್ಲಿ ಕಲ್ಲು ಸೀಳುವ ಕೆಲಸವನ್ನು ಕಾಗೆಬಂಗಾರ ಮಾಡುತ್ತದೆ.

ಫೆಲ್ಡ್‌ಸ್ಪಾರ್ ಕಥೆ ಬೇರೆ. ಅದು ಪೊಟ್ಯಾಸಿಯಂ, ಸೋಡಿಯಂ, ಕ್ಯಾಲ್ಸಿಯಂಗಳನ್ನು ಹಿಡಿದಿಟ್ಟುಕೊಂಡ ಖನಿಜ. ಹುಳಿ ನೀರು ಇವನ್ನು ಒಂದೊಂದಾಗಿ ಕರಗಿಸಿ ಒಯ್ಯುತ್ತದೆ. ಸ್ವಲ್ಪ ಸಿಲಿಕವೂ ಕರಗಿ ಹೋಗುತ್ತದೆ. ಉಳಿದ ಅಲ್ಯೂಮಿನಿಯಂ ಮತ್ತು ಸಿಲಿಕ ಹೊಸದಾಗಿ ಜೋಡಣೆಯಾಗಿ ಕೆಯೊಲಿನೈಟ್ ಅನ್ನುವ ಬಿಳಿ ಜೇಡಿಯಾಗುತ್ತವೆ. ಇಲ್ಲಿ ಸರಿಯಾಗಿ ಗಮನಿಸಬೇಕಾದದ್ದು ಒಂದಿದೆ. ಜೇಡಿ ಅಂದರೆ ಕಲ್ಲನ್ನು ನುಣ್ಣಗೆ ಅರೆದಾಗ ಬರುವ ಪುಡಿ ಅಂತ ತುಂಬಾ ಮಕ್ಕಳು ತಿಳಿದಿರುತ್ತಾರೆ. ಬಂಡೆಯನ್ನು ಎಷ್ಟೇ ಅರೆದರೂ ಕೆಯೊಲಿನೈಟ್ ಬರುವುದಿಲ್ಲ. ಅದು ನೀರು ಸೇರಿ ಹುಟ್ಟಿದ ಹೊಸ ಖನಿಜ.

ಬೆಣಚಿಗೆ ಹೆಚ್ಚೇನೂ ಆಗುವುದಿಲ್ಲ. ಅದು ಅಷ್ಟು ಸುಲಭಕ್ಕೆ ಕರಗುವುದಿಲ್ಲ. ಸುತ್ತಲಿನದೆಲ್ಲ ಕೊಳೆತ ಮೇಲೆ ಬೆಣಚು ಕಾಳುಗಳು ಬಿಡಿಬಿಡಿಯಾಗಿ ಉಳಿಯುತ್ತವೆ. ನಿನ್ನ ಮಣ್ಣಿನಲ್ಲಿರುವ ಮರಳು ಮುಕ್ಕಾಲು ಪಾಲು ಇದೇ.

ಈಗ ಗುಂಡಿಯ ತಳದಲ್ಲಿ ಸಿಕ್ಕ, ಕೈಯಲ್ಲೇ ಪುಡಿಯಾಗುವ ಕಲ್ಲಿಗೆ ಬರೋಣ. ಅದು ಕೊಳೆತ ನೈಸ್. ವಿಜ್ಞಾನದಲ್ಲಿ ಸ್ಯಾಪ್ರೊಲೈಟ್ ಅನ್ನುತ್ತಾರೆ. ಕಟ್ಟಡದ ಕೆಲಸದವರು ಮೊರಂ ಅಂತ ಕರೆಯುವುದರಲ್ಲಿ ಇದೂ ಸೇರುತ್ತದೆ. ಅದರಲ್ಲಿ ಬಂಡೆಯ ಗೆರೆಗಳು ಹಾಗೇ ಉಳಿದಿರುತ್ತವೆ. ಫೆಲ್ಡ್‌ಸ್ಪಾರ್ ಇದ್ದ ಗೆರೆ ಈಗ ಬಿಳಿ ಜೇಡಿ. ಕರಿ ಕಾಗೆಬಂಗಾರದ ಗೆರೆ ಈಗ ಹೊಂಬಣ್ಣದ, ತುಕ್ಕು ಬಣ್ಣದ ಗೆರೆ. ನೋಡಲು ಕಲ್ಲು, ಮುಟ್ಟಿದರೆ ಮಣ್ಣು.

ಮಣ್ಣು ಬೇರೆಡೆಯಿಂದ ಬಂದದ್ದಲ್ಲ, ಇದೇ ಬಂಡೆಯದು ಅನ್ನುವುದಕ್ಕೆ ಅತಿ ಒಳ್ಳೆಯ ಸಾಕ್ಷಿ ಈ ಪದರದಲ್ಲೇ ಸಿಗುತ್ತದೆ. ನಮ್ಮ ನೈಸ್ ಬಂಡೆಗಳಲ್ಲಿ ಅಲ್ಲಲ್ಲಿ ಬೆಣಚಿನ ಬಿಳಿ ಪಟ್ಟಿಗಳು ಓರೆಯಾಗಿ ಹಾದುಹೋಗಿರುತ್ತವೆ. ಗುಂಡಿಯ ಗೋಡೆಯಲ್ಲಿ ಅಂಥದೊಂದು ಪಟ್ಟಿ ಕಂಡರೆ ಅದನ್ನು ಕಣ್ಣಿನಲ್ಲೇ ಹಿಂಬಾಲಿಸು. ಗಟ್ಟಿ ಬಂಡೆಯಲ್ಲಿ ಅದು ನೇರವಾಗಿ ಇರುತ್ತದೆ. ಕೊಳೆತ ಕಲ್ಲಿನೊಳಗೂ ಅದೇ ಓರೆಯಲ್ಲಿ ಮೇಲಕ್ಕೆ ಬರುತ್ತದೆ, ಒಂದಿಷ್ಟೂ ಅಲುಗಿರುವುದಿಲ್ಲ. ಇನ್ನೂ ಮೇಲೆ, ಕೆಂಪು ಮಣ್ಣು ಶುರುವಾಗುವಲ್ಲಿ, ಅದು ತುಂಡು ತುಂಡಾಗುತ್ತದೆ. ತುಂಡುಗಳು ಇಳಿಜಾರಿನ ಕಡೆಗೆ ಸ್ವಲ್ಪ ಬಾಗಿರುತ್ತವೆ. ಆಮೇಲೆ ಚೂರುಗಳಾಗಿ ಚೆದುರಿಹೋಗುತ್ತವೆ. ಪಟ್ಟಿ ಅಲುಗದೆ ಇರುವ ತನಕ ಕೊಳೆತ ಬಂಡೆ, ಅಲುಗಿದ ಜಾಗದಿಂದ ಮೇಲೆ ಮಣ್ಣು. ಈ ಗಡಿಯನ್ನು ಬರಿಗಣ್ಣಿನಲ್ಲೇ ಗುರುತಿಸಬಹುದು.

ಕೊಳೆತ ಕಲ್ಲು ಕಲ್ಲಿನಷ್ಟೇ ಜಾಗ ಹಿಡಿದಿದೆ, ಆದರೆ ಅಷ್ಟೇ ತೂಕ ಇಲ್ಲ. ಒಂದು ಲೀಟರ್ ಅಳತೆಯ ಗಟ್ಟಿ ನೈಸ್ ಸುಮಾರು 2.7 ಕೆ.ಜಿ. ತೂಗುತ್ತದೆ. ಚೆನ್ನಾಗಿ ಕೊಳೆತ, ಒಣಗಿದ ತುಂಡು ಅಷ್ಟೇ ಅಳತೆಯಲ್ಲಿ 1.8 ಕೆ.ಜಿ. ಆಸುಪಾಸು ತೂಗಬಹುದು. ಅಂದರೆ ಮೂರನೇ ಒಂದು ಪಾಲು ಕಲ್ಲು ಕರಗಿ ಹೋಗಿದೆ. ಇದನ್ನು ನೀನೇ ಅಳೆಯಬಹುದು. ಮುಷ್ಟಿಯಷ್ಟು ದೊಡ್ಡ ತುಂಡನ್ನು ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ ತೂಕ ಮಾಡು. ತೆಳು ಪ್ಲಾಸ್ಟಿಕ್ ಹಾಳೆಯನ್ನು ಬಿಗಿಯಾಗಿ ಸುತ್ತಿ, ಅಂಚಿನ ತನಕ ನೀರು ತುಂಬಿದ ಪಾತ್ರೆಯಲ್ಲಿ ಮುಳುಗಿಸು. ಹೊರಗೆ ಚೆಲ್ಲಿದ ನೀರನ್ನು ಅಳೆದರೆ ಅದೇ ತುಂಡಿನ ಗಾತ್ರ. ತೂಕವನ್ನು ಗಾತ್ರದಿಂದ ಭಾಗಿಸಿದರೆ ಆಯಿತು. ಪ್ಲಾಸ್ಟಿಕ್ ಒಳಗೆ ಗಾಳಿ ಉಳಿದರೆ ಕಲ್ಲು ಇರುವುದಕ್ಕಿಂತ ಹಗುರ ಅಂತ ತಪ್ಪು ಲೆಕ್ಕ ಬರುತ್ತದೆ, ಅದನ್ನು ನೋಡಿಕೋ.

ಆ ಕರಗಿದ ಪಾಲು ಎಲ್ಲಿ ಹೋಯಿತು? ನೆಲದೊಳಗಿನ ನೀರಿಗೆ, ಅಲ್ಲಿಂದ ಹಳ್ಳ, ಕೆರೆ, ಹೊಳೆಗಳಿಗೆ. ನಿಮ್ಮ ಮನೆಯಲ್ಲಿ ಬೋರ್‌ವೆಲ್ ನೀರು ಬಳಸುತ್ತಿದ್ದರೆ ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿ ಕಟ್ಟು ಕೂರುವುದನ್ನು ನೋಡಿರುತ್ತೀಯ. ಅದರಲ್ಲಿ ಹೆಚ್ಚಿನದು ಕ್ಯಾಲ್ಸಿಯಂ ಕಾರ್ಬೊನೇಟ್. ಅದರಲ್ಲಿರುವ ಕ್ಯಾಲ್ಸಿಯಂ ಬಹುಪಾಲು ಬಂಡೆಯೊಳಗಿನ ಇಂಥ ಖನಿಜಗಳಿಂದಲೇ ಕರಗಿ ಬಂದದ್ದು. ಕಲ್ಲು ಮಣ್ಣಾಗುವುದು ನಿಮ್ಮ ಮನೆಯ ಕೆಳಗೆ ಇವತ್ತೂ ನಡೆಯುತ್ತಿದೆ ಅನ್ನುವುದಕ್ಕೆ ಅದು ಪುರಾವೆ.

ಬೋರ್‌ವೆಲ್ ಮಾತು ಬಂದದ್ದರಿಂದ ಇನ್ನೊಂದು ಹೇಳಿಬಿಡುತ್ತೇನೆ. ಬೋರ್ ಕೊರೆಯುವಾಗ ಮೇಲಿನ ಭಾಗಕ್ಕೆ ಕೇಸಿಂಗ್ ಪೈಪ್ ಇಳಿಸುತ್ತಾರೆ, ಗಟ್ಟಿ ಬಂಡೆ ಸಿಕ್ಕ ಮೇಲೆ ನಿಲ್ಲಿಸುತ್ತಾರೆ. ಕೇಸಿಂಗ್ ಎಷ್ಟು ಅಡಿ ಹೋಯಿತು ಅಂತ ಕೇಳಿದರೆ, ಅಲ್ಲಿ ಮಣ್ಣು ಮತ್ತು ಕೊಳೆತ ಕಲ್ಲು ಸೇರಿ ಎಷ್ಟು ದಪ್ಪ ಇದೆ ಅನ್ನುವುದು ಹೆಚ್ಚುಕಡಿಮೆ ತಿಳಿಯುತ್ತದೆ. ಬೆಂಗಳೂರಿನಲ್ಲಿ ಇದು ಒಂದು ಕಡೆ ಕೆಲವೇ ಅಡಿ, ಇನ್ನೊಂದು ಕಡೆ ನೂರು ಅಡಿಗೂ ಜಾಸ್ತಿ. ಬಿರುಕು ಹೆಚ್ಚಿದ್ದ ಕಡೆ ನೀರು ಆಳಕ್ಕೆ ಇಳಿದಿದೆ, ಬಂಡೆ ಆಳದ ತನಕ ಕೊಳೆತಿದೆ.

ಇನ್ನು ನಿನ್ನನ್ನು ಗೊಂದಲ ಮಾಡಿದ ಅಂಟು ಕೆಂಪು ಮಣ್ಣು. ಕೆಂಪು ಯಾಕೆ ಅನ್ನುವುದು ಸುಲಭ. ಕಾಗೆಬಂಗಾರದಿಂದ ಹೊರಬಂದ ಕಬ್ಬಿಣ ಆಕ್ಸೈಡ್ ಆಗಿ ಪ್ರತಿ ಕಣದ ಮೇಲೂ ಬಣ್ಣ ಬಳಿದಿದೆ. ನೂರರಲ್ಲಿ ಎರಡು ಮೂರು ಪಾಲು ಇದ್ದರೂ ಸಾಕು, ಇಡೀ ಮಣ್ಣು ಕೆಂಪಾಗುತ್ತದೆ. ನೀರು ಬಸಿದು ಹೋಗುವ ದಿನ್ನೆಯಲ್ಲಿ ಅದು ಕೆಂಪು. ತೇವ ಹೆಚ್ಚು ಹೊತ್ತು ನಿಲ್ಲುವ ತಗ್ಗಿನಲ್ಲಿ ಹಳದಿ, ಸದಾ ನೀರು ನಿಲ್ಲುವಲ್ಲಿ ಬೂದು.

ಕಷ್ಟದ ಪ್ರಶ್ನೆ ಏನೆಂದರೆ, ಜೇಡಿ ಅಲ್ಲೇ ಯಾಕೆ ಜಾಸ್ತಿ? ಇದಕ್ಕೆ ಒಂದೇ ಕಾರಣ ಇಲ್ಲ, ಮೂರು ಇವೆ.

ಮೊದಲನೆಯದು, ಮೇಲಿನ ಜೇಡಿ ಕೆಳಗೆ ಇಳಿಯುತ್ತದೆ. ಜೇಡಿ ಕಣದ ಗಾತ್ರ ಒಂದು ಮಿಲಿಮೀಟರ್‌ನ ಐನೂರನೇ ಒಂದು ಪಾಲಿಗಿಂತಲೂ ಕಡಿಮೆ. ಜನವರಿಯಿಂದ ಮಾರ್ಚ್ ತನಕ ಬೆಂಗಳೂರಿನ ನೆಲ ಒಣಗಿ ಬಿರಿದಿರುತ್ತದೆ. ಏಪ್ರಿಲ್‌-ಮೇನಲ್ಲಿ ಗುಡುಗಿನ ಮಳೆ ಜೋರಾಗಿ ಬಡಿದಾಗ ಮೇಲ್ಮಣ್ಣಿನ ಸಣ್ಣ ಹೆಂಟೆಗಳು ಒಡೆದು ಜೇಡಿ ನೀರಿನಲ್ಲಿ ಕದಡಿಕೊಳ್ಳುತ್ತದೆ. ಮಳೆನೀರಿನಲ್ಲಿ ಉಪ್ಪಿನಂಶ ತೀರ ಕಡಿಮೆ, ಹಾಗಾಗಿ ಕದಡಿದ ಜೇಡಿ ಬೇಗ ಗುಂಪುಗೂಡಿ ಕೂರುವುದಿಲ್ಲ. ಆ ಕೆಸರು ನೀರು ಬಿರುಕು, ಬೇರಿನ ತೂತು, ಹುಳದ ದಾರಿಗಳಲ್ಲಿ ಸರಸರ ಕೆಳಗೆ ಹೋಗುತ್ತದೆ. ಎರಡು ಮೂರು ಅಡಿ ಕೆಳಗೆ ಮಣ್ಣು ಇನ್ನೂ ಒಣಗಿಯೇ ಇದೆ. ಅದು ನೀರನ್ನು ಹೀರಿಕೊಳ್ಳುತ್ತದೆ. ನೀರು ಒಳಗೆ ಹೋಯಿತು, ಜೇಡಿ ತೂತಿನ ಗೋಡೆಗೆ ಅಂಟಿಕೊಂಡು ಉಳಿಯಿತು. ಕೆಸರು ನೀರು ತಟ್ಟೆಯಲ್ಲಿ ಒಣಗಿದಾಗ ತೆಳುವಾದ ನುಣುಪು ಪೊರೆ ಉಳಿಯುತ್ತದಲ್ಲ, ಹಾಗೆಯೇ. ವರ್ಷವರ್ಷವೂ ಒಂದು ಪೊರೆಯ ಮೇಲೆ ಇನ್ನೊಂದು. ಇದಕ್ಕೆ ಮಳೆಗಾಲವೂ ಬೇಕು, ಒಣಗಾಲವೂ ಬೇಕು. ನಮ್ಮ ಊರಿನಲ್ಲಿ ಎರಡೂ ಇವೆ.

ಈ ಪೊರೆಯನ್ನು ನೋಡಬಹುದು. ಕೆಂಪು ಮಣ್ಣಿನ ಒಂದು ಒಣ ಹೆಂಟೆಯನ್ನು ಚಾಕುವಿನಿಂದ ಕೊಯ್ಯದೆ, ಕೈಯಲ್ಲಿ ನಿಧಾನಕ್ಕೆ ಮುರಿ. ಅದು ತನ್ನ ಸಹಜ ಬಿರುಕಿನಲ್ಲೇ ಬಿಡಿಸಿಕೊಳ್ಳುತ್ತದೆ. ಬಿಡಿಸಿಕೊಂಡ ಮುಖ ಸ್ವಲ್ಪ ಹೊಳೆಯುತ್ತದೆ, ಒಳಭಾಗಕ್ಕಿಂತ ಬಣ್ಣ ಗಾಢವಾಗಿರುತ್ತದೆ. ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಮಸೂರ ಇದ್ದರೆ ಮರಳು ಕಾಳುಗಳನ್ನೂ ಈ ಪೊರೆ ಮುಚ್ಚಿರುವುದು ಕಾಣುತ್ತದೆ. ಚಾಕು ಹಾಕಿದರೆ ಎಲ್ಲ ಮಣ್ಣೂ ನುಣುಪಾಗಿ ಹೊಳೆಯುತ್ತದೆ, ಮೋಸ ಹೋಗುತ್ತೀಯ.

ಎರಡನೆಯದು, ಕೆಲವು ಜೇಡಿ ಅಲ್ಲೇ ಹುಟ್ಟಿದ್ದು. ಮೇಲಿನ ಒಂದು ಅಡಿ ಮಣ್ಣು ಬೇಗ ಒಣಗುತ್ತದೆ. ಅದರ ಕೆಳಗೆ ತೇವ ಬಹಳ ದಿನ ನಿಲ್ಲುತ್ತದೆ. ತೇವ ಇದ್ದಷ್ಟು ಹೊತ್ತೂ ಉಳಿದಿರುವ ಫೆಲ್ಡ್‌ಸ್ಪಾರ್ ಚೂರುಗಳು ಜೇಡಿಯಾಗುತ್ತಲೇ ಇರುತ್ತವೆ.

ಮೂರನೆಯದು, ಮೇಲಿನ ಜೇಡಿ ಪಕ್ಕಕ್ಕೂ ಹೋಗಿದೆ. ಜೋರು ಮಳೆಯಲ್ಲಿ ಇಳಿಜಾರಿನ ಮೇಲೆ ಹರಿಯುವ ಕೆಂಪು ನೀರು ನುಣ್ಣನೆಯ ಕಣಗಳನ್ನು ಒಯ್ಯುತ್ತದೆ, ದಪ್ಪ ಮರಳನ್ನು ಬಿಟ್ಟುಹೋಗುತ್ತದೆ. ಅಂದರೆ ನಿನ್ನ ಮೇಲಿನ ಪದರ ಮರಳಾಗಿರುವುದು ಮರಳು ಬಂದು ಸೇರಿದ್ದರಿಂದಲ್ಲ, ಜೇಡಿ ಹೊರಟುಹೋಗಿದ್ದರಿಂದ. ಈ ಮೂರರಲ್ಲಿ ಯಾವುದರ ಪಾಲು ಎಷ್ಟು ಅನ್ನುವುದು ಜಾಗದಿಂದ ಜಾಗಕ್ಕೆ ಬದಲಾಗುತ್ತದೆ. ಹೊಳೆಯುವ ಪೊರೆಗಳು ಧಾರಾಳವಾಗಿ ಕಂಡರೆ ಮೊದಲನೆಯದರ ಪಾಲು ದೊಡ್ಡದು ಅಂತ ಹೇಳಬಹುದು.

ಮೇಲಿನ ಪದರದ ಬಗ್ಗೆ ಇನ್ನು ಸ್ವಲ್ಪವೇ ಹೇಳುವುದಿದೆ. ಎಲೆ, ಬೇರು ಕೊಳೆತು ಸೇರಿರುವುದರಿಂದ ಅದು ಕೆಂಪಿಗಿಂತ ಕಂದು ಬಣ್ಣಕ್ಕೆ ತಿರುಗಿರುತ್ತದೆ. ಕಪ್ಪಗೆ ಯಾಕಿಲ್ಲ ಅಂದರೆ, ನಮ್ಮ ಸೆಕೆಗೆ ಕಸಕಡ್ಡಿ ಬೇಗ ಕೊಳೆತು ಗಾಳಿಗೆ ಹೋಗಿಬಿಡುತ್ತದೆ, ಮಣ್ಣಿನಲ್ಲಿ ನಿಲ್ಲುವುದು ಕಡಿಮೆ. ಪುಸ್ತಕದ ಚಿತ್ರದಲ್ಲಿ ಎ, ಬಿ, ಸಿ ಅಂತ ಬರೆದಿರುತ್ತಾರಲ್ಲ, ನಿನ್ನ ಗುಂಡಿಯಲ್ಲಿ ಈ ಕಂದು ಪದರ ಎ, ಅಂಟು ಕೆಂಪು ಪದರ ಬಿ, ಕೊಳೆತ ಕಲ್ಲು ಸಿ.

ಇಷ್ಟರಲ್ಲೇ ಮುಗಿಯಿತು ಅನ್ನುವ ಹಾಗಿಲ್ಲ, ಏಕೆಂದರೆ ಜೇಡಿಯನ್ನು ವಾಪಸ್ ಮೇಲಕ್ಕೆ ತರುವವರೂ ಇದ್ದಾರೆ. ಅವು ಗೆದ್ದಲು. ಹುತ್ತ ಕಟ್ಟಲು ಗೆದ್ದಲಿಗೆ ಅಂಟು ಮಣ್ಣು ಬೇಕು. ಅದನ್ನು ಬಿ ಪದರದಿಂದ ಹೊತ್ತು ತರುತ್ತವೆ. ಹುತ್ತದ ಮಣ್ಣು ಸುತ್ತಲಿನ ಮೇಲ್ಮಣ್ಣಿಗಿಂತ ಕೆಂಪಾಗಿ, ಗಟ್ಟಿಯಾಗಿ ಇರುವುದು ಇದರಿಂದಲೇ. ಹುತ್ತ ಹಳೆಯದಾಗಿ ಕರಗಿದರೆ ಆ ಜೇಡಿ ಮತ್ತೆ ಮೇಲೆ ಹರಡುತ್ತದೆ. ಆದರೆ ಗೆದ್ದಲು ದಪ್ಪ ಕಲ್ಲನ್ನು ಹೊರಲಾರದು. ಸುತ್ತಲಿನ ನುಣ್ಣನೆಯ ಮಣ್ಣು ಮೇಲೆ ಹೋದ ಹಾಗೆಲ್ಲ ಬೆಣಚಿನ ಚೂರುಗಳು ಕೆಳಗೆ ಕೆಳಗೆ ಇಳಿದು ಒಂದು ಸಾಲಾಗಿ ಸೇರುತ್ತವೆ. ಕೆಂಪು ಮಣ್ಣಿನ ನಡುವೆ ಅಥವಾ ಅದರ ತಳದಲ್ಲಿ ಕಲ್ಲುಚೂರುಗಳ ಒಂದು ತೆಳು ಸಾಲು ಕಂಡರೆ, ಅದಕ್ಕೆ ಇದೊಂದು ಕಾರಣ ಇರಬಹುದು. ಹಿಂದೆ ಯಾವಾಗಲೋ ಮೇಲ್ಮಣ್ಣು ಕೊಚ್ಚಿಹೋಗಿ ಕಲ್ಲು ಉಳಿದು, ಆಮೇಲೆ ಮಣ್ಣು ಮುಚ್ಚಿದ್ದರೂ ಹೀಗೇ ಕಾಣುತ್ತದೆ. ಚೂರುಗಳ ಅಂಚು ಚೂಪಾಗಿದ್ದರೆ ಅವು ದೂರದಿಂದ ಉರುಳಿ ಬಂದವಲ್ಲ ಅಂತ ಖಚಿತ.

ಈಗ ಬಾಟಲಿ ಪ್ರಯೋಗವನ್ನು ಬೇರೆ ಥರ ಮಾಡಿ ನೋಡು. ಎಲ್ಲ ಮಣ್ಣನ್ನೂ ಒಂದೇ ಬಾಟಲಿಗೆ ಹಾಕಬೇಡ. ಅರ್ಧ ಅಡಿ, ಎರಡೂವರೆ ಅಡಿ, ಮತ್ತು ಕೊಳೆತ ಕಲ್ಲು, ಹೀಗೆ ಮೂರು ಆಳದ ಮಣ್ಣಿಗೆ ಮೂರು ಬಾಟಲಿ ಇಡು. ಮೂರರಲ್ಲೂ ಮಣ್ಣು ಅಷ್ಟೇ, ನೀರು ಅಷ್ಟೇ ಇರಲಿ. ಮರಳು ಒಂದು ನಿಮಿಷದೊಳಗೆ ಕೂರುತ್ತದೆ. ಅದಕ್ಕಿಂತ ಸಣ್ಣದು ಒಂದೆರಡು ಗಂಟೆಯಲ್ಲಿ ಬಹುಪಾಲು ಇಳಿಯುತ್ತದೆ. ಜೇಡಿಗೆ ಒಂದೆರಡು ದಿನವೂ ಬೇಕಾಗಬಹುದು. ಆಗ ಪ್ರತಿ ಬಾಟಲಿಯಲ್ಲೂ ಮರಳೆಷ್ಟು, ಜೇಡಿಯೆಷ್ಟು ಅಂತ ಸ್ಕೇಲ್ ಇಟ್ಟು ಅಳೆದು ಹೋಲಿಸು. ಬಾಟಲಿಯ ಕೆಲಸ ಮಣ್ಣಿನಲ್ಲಿ ಏನೇನು ಎಷ್ಟೆಷ್ಟು ಇದೆ ಅಂತ ಹೇಳುವುದು. ನೆಲದಲ್ಲಿ ಪದರ ಹೇಗಾಯಿತು ಅಂತ ಅದು ಹೇಳಲಾರದು.

ಕೆಂಪು ಮಣ್ಣಿನಲ್ಲಿ ಈ ಪ್ರಯೋಗ ಹೆಚ್ಚಾಗಿ ಕೆಡುವುದು ಒಂದು ಕಡೆ. ಕಬ್ಬಿಣದ ತುಕ್ಕು ಜೇಡಿ ಕಣಗಳನ್ನು ಒಂದಕ್ಕೊಂದು ಗಟ್ಟಿಯಾಗಿ ಅಂಟಿಸಿರುತ್ತದೆ. ಸುಮ್ನೆ ಕುಲುಕಿದರೆ ಅವು ಬಿಡುವುದಿಲ್ಲ. ಗುಂಪಾಗಿಯೇ ಮರಳಿನ ಹಾಗೆ ಬೇಗ ಕೂತುಬಿಡುತ್ತವೆ. ಆಗ ಜೇಡಿ ಇರುವುದಕ್ಕಿಂತ ಕಡಿಮೆ ಕಾಣುತ್ತದೆ. ಇದಕ್ಕೆ ಬಾಟಲಿಗೆ ಒಂದು ಚಿಟಿಕೆ ಬಟ್ಟೆ ಒಗೆಯುವ ಸೋಡಾ ಹಾಕಿ, ಒಂದು ರಾತ್ರಿ ನೆನೆಸಿ, ಆಮೇಲೆ ಹತ್ತು ನಿಮಿಷ ಚೆನ್ನಾಗಿ ಕುಲುಕಬೇಕು. ಕೆಳಗೆ ಕೂತ ಮರಳನ್ನು ಬೆರಳಲ್ಲಿ ಉಜ್ಜಿ ನೋಡು. ಗರಗರ ಅಂದರೆ ನಿಜವಾದ ಮರಳು. ಉಜ್ಜಿದಾಗ ಕೆಂಪಗೆ ಮೆತ್ತಿಕೊಂಡರೆ ಅದು ಇನ್ನೂ ಬಿಡಿಸಿಕೊಳ್ಳದ ಜೇಡಿ, ಮತ್ತೆ ಕುಲುಕಬೇಕು. ಕೊಳೆತ ಕಲ್ಲಿನ ಬಾಟಲಿಯಲ್ಲಿ ಹೊಂಬಣ್ಣದ ಕಾಗೆಬಂಗಾರದ ಚೂರುಗಳು ತಡವಾಗಿ ಇಳಿಯುತ್ತವೆ. ಅವು ಚಪ್ಪಟೆ ಇರುವುದರಿಂದ ನೀರಿನಲ್ಲಿ ಹೊಯ್ದಾಡುತ್ತಾ ಬೀಳುತ್ತವೆ.

ಇನ್ನೊಂದು ಎಚ್ಚರ. ಬೆಂಗಳೂರಿನಲ್ಲಿ ಎಲ್ಲ ಗುಂಡಿಗಳೂ ನಿನ್ನ ಗುಂಡಿಯ ಹಾಗೆ ಇರುವುದಿಲ್ಲ. ಬಾಟಲಿಯ ಹಾಗೆಯೇ ನಿಜಕ್ಕೂ ಕೂತು ಆದ ಪದರಗಳೂ ಇಲ್ಲಿವೆ. ಹಳೆಯ ಕೆರೆಗಳ ಅಂಗಳದಲ್ಲಿ ತೋಡಿದರೆ ಸಿಗುವುದು ಕೆರೆ ಗೋಡು. ಅದು ದಿನ್ನೆಯಿಂದ ಮಳೆನೀರು ತಂದು ಹಾಕಿದ್ದು. ದಿನ್ನೆಯ ಮೇಲಿನ ಪದರದಿಂದ ಪಕ್ಕಕ್ಕೆ ಹೋಯಿತು ಅಂದೆನಲ್ಲ, ಆ ಜೇಡಿ ಹೋಗಿ ಸೇರಿದ್ದು ಅಲ್ಲಿಗೆ. ಅಲ್ಲಿ ಕೆಳಗಿನದು ಹಳೆಯದು, ಮೇಲಿನದು ಹೊಸದು ಅನ್ನುವ ಲೆಕ್ಕ ಸರಿಹೋಗುತ್ತದೆ. ಒಂದು ಪದರ ಮುಗಿದು ಇನ್ನೊಂದು ಶುರುವಾಗುವ ಗೆರೆ ಅಲ್ಲಿ ಚೂಪಾಗಿ ಕಾಣುತ್ತದೆ. ನಿನ್ನ ಗುಂಡಿಯಲ್ಲಿ ಕಂದು ಬಣ್ಣ ಕೆಂಪಾಗುವುದು ನಿಧಾನಕ್ಕೆ, ಗೆರೆ ಎಳೆದ ಹಾಗಲ್ಲ.

ಮೂರನೆಯದು ಮನುಷ್ಯರು ತುಂಬಿದ ಮಣ್ಣು. ಎಷ್ಟೋ ಸೈಟುಗಳಲ್ಲಿ ಮೇಲಿನ ಮೂರು ನಾಲ್ಕು ಅಡಿ ಬೇರೆಡೆಯಿಂದ ಲಾರಿಯಲ್ಲಿ ತಂದು ಸುರಿದದ್ದು. ಇಟ್ಟಿಗೆ ಚೂರು, ಹೆಂಚು, ಪ್ಲಾಸ್ಟಿಕ್, ಸಿಮೆಂಟಿನ ಉಂಡೆ ಕಂಡರೆ ಅದನ್ನು ಎ ಪದರ ಅಂತ ಬರೆದುಕೊಳ್ಳಬೇಡ. ಅದರ ಕೆಳಗೆ ಮತ್ತೆ ಒಂದು ಕಂದು ಪದರ, ಹಳೆಯ ಬೇರುಗಳು ಸಿಕ್ಕರೆ ಅದೇ ಮೊದಲಿನ ನೆಲ. ಇದನ್ನೆಲ್ಲ ನೋಡಲು ಗುಂಡಿಯೊಳಗೆ ಇಳಿಯಬೇಡ. ಆಧಾರ ಕೊಡದ ಮಣ್ಣಿನ ಗೋಡೆ ಮಳೆಯ ಮಾರನೇ ದಿನ ಹೇಳದೆ ಕುಸಿಯುತ್ತದೆ. ಕೆಲಸದವರು ಮೇಲೆ ತೆಗೆದು ಹಾಕಿದ ಹೆಂಟೆಗಳನ್ನೇ ಕೇಳಿ ತಗೋ, ಎಷ್ಟು ಆಳದ್ದು ಅಂತ ಅವರೇ ಹೇಳುತ್ತಾರೆ.

ಕೊನೆಗೆ ನಿನ್ನ 300 ಕೋಟಿ ವರ್ಷದ ಪ್ರಶ್ನೆ. ತುಂಬಾ ಒಳ್ಳೆಯ ಪ್ರಶ್ನೆ ಅದು, ಲೆಕ್ಕ ಹಾಕಿಯೇ ನೋಡೋಣ. ಇಂಥ ಗಟ್ಟಿ ಬಂಡೆ ಮಣ್ಣಾಗುವ ವೇಗ ಮಳೆ, ಇಳಿಜಾರು, ಬಿರುಕು ನೋಡಿಕೊಂಡು ಬದಲಾಗುತ್ತದೆ. ಲೆಕ್ಕಕ್ಕೆ ಸಾವಿರ ವರ್ಷಕ್ಕೆ ಒಂದು ಸೆಂಟಿಮೀಟರ್ ಅಂತ ಇಟ್ಟುಕೋ. ಆಗ 300 ಕೋಟಿ ವರ್ಷಕ್ಕೆ 30 ಲಕ್ಷ ಸೆಂಟಿಮೀಟರ್, ಅಂದರೆ 30 ಕಿಲೋಮೀಟರ್ ದಪ್ಪ ಮಣ್ಣು ಇರಬೇಕಿತ್ತು! ಈ ಲೆಕ್ಕ ಎರಡು ಕಡೆ ತಪ್ಪುತ್ತದೆ. ಆ ಕಾಲದ ದೊಡ್ಡ ಭಾಗದಲ್ಲಿ ಈಗ ಕಾಣುವ ಬಂಡೆ ಆಳದಲ್ಲಿ ಹೂತಿತ್ತು, ಮಳೆ ಅದನ್ನು ಮುಟ್ಟಿರಲೇ ಇಲ್ಲ. ಮತ್ತೆ, ಆದ ಮಣ್ಣು ಅಲ್ಲೇ ನಿಲ್ಲುವುದಿಲ್ಲ. ಕೆಳಗೆ ಬಂಡೆ ಮಣ್ಣಾಗುತ್ತಾ ಹೋಗುತ್ತದೆ, ಮೇಲಿನಿಂದ ಮಣ್ಣು ಕೊಚ್ಚಿಹೋಗುತ್ತಾ ಇರುತ್ತದೆ. ನಿನ್ನ ಐದು ಅಡಿ ಅಂದರೆ ಸುಮಾರು 150 ಸೆಂಟಿಮೀಟರ್. ಅದೇ ವೇಗದಲ್ಲಿ ಅದು ಒಂದೂವರೆ ಲಕ್ಷ ವರ್ಷದ ಕೆಲಸ. ಬಂಡೆಗೆ 300 ಕೋಟಿ ವರ್ಷ ಇರಬಹುದು, ಅದರ ಮೇಲಿನ ಮಣ್ಣಿಗೆ ಅಷ್ಟು ವಯಸ್ಸಿಲ್ಲ.

ಲಾಲ್‌ಬಾಗ್ ಬಂಡೆಯ ನೆತ್ತಿಯಲ್ಲಿ ಮಣ್ಣೇ ಇಲ್ಲದಿರುವುದಕ್ಕೂ ಇದೇ ಕಾರಣ. ಬೋಳು ಬಂಡೆಯ ಮೇಲೆ ಬಿದ್ದ ಮಳೆ ಕ್ಷಣದಲ್ಲಿ ಹರಿದುಹೋಗುತ್ತದೆ, ಬಂಡೆ ಅರ್ಧ ಗಂಟೆಯಲ್ಲಿ ಒಣಗುತ್ತದೆ. ಕೊಳೆಯಲು ಬೇಕಾದ ತೇವ ನಿಲ್ಲುವುದಿಲ್ಲ, ಬಿಡಿಸಿಕೊಂಡ ಕಾಳೂ ನಿಲ್ಲುವುದಿಲ್ಲ. ಒಂದಿಷ್ಟು ಮಣ್ಣು ಮೇಲೆ ಕೂತಿದ್ದರೆ ಅದು ತೇವ ಹಿಡಿದು ಕೆಳಗಿನ ಬಂಡೆಯನ್ನು ಬೇಗ ಕೊಳೆಸುತ್ತದೆ. ಮಣ್ಣು ತೀರ ದಪ್ಪವಾದರೆ ಆ ವೇಗ ಮತ್ತೆ ಇಳಿಯುತ್ತದೆ. ಬಂಡೆಯನ್ನು ಮುಟ್ಟುವ ಹೊತ್ತಿಗೆ ನೀರಿನ ಹುಳಿ ಮೇಲಿನ ಮಣ್ಣಿನಲ್ಲೇ ಖರ್ಚಾಗಿರುತ್ತದೆ.

ಕೊಚ್ಚಿಹೋಗುವ ವೇಗ ಜಾಸ್ತಿಯಾದರೆ ಏನಾಗುತ್ತದೆ ಅನ್ನುವುದನ್ನು ಕೋಲಾರದ ಕಡೆ, ದೇವನಹಳ್ಳಿಯ ಕಡೆ ಇಳಿಜಾರಿನ ರಾಗಿ ಹೊಲಗಳಲ್ಲಿ ನೋಡಬಹುದು. ಉತ್ತ ಹೊಲದ ಮೇಲ್ಮೈಯೇ ಕಂದು ಬಣ್ಣ ಬಿಟ್ಟು ಕಡುಗೆಂಪಾಗಿದ್ದು, ಒದ್ದೆ ಮಣ್ಣನ್ನು ಬೆರಳ ನಡುವೆ ಒತ್ತಿದಾಗ ಎರಡು ಇಂಚಿನ ಪಟ್ಟಿಯಾಗಿ ಮುರಿಯದೆ ಬಂದರೆ, ಅಲ್ಲಿ ಎ ಪದರ ಪೂರ್ತಿ ಹೋಗಿದೆ. ರೈತರು ಉಳುತ್ತಿರುವುದು ಬಿ ಪದರವನ್ನೇ. ಅಂಥ ಮಣ್ಣು ಮಳೆ ಬಿದ್ದು ಒಣಗಿದರೆ ಮೇಲೆ ಗಟ್ಟಿ ಹೆಪ್ಪು ಕಟ್ಟುತ್ತದೆ, ರಾಗಿ ಮೊಳಕೆ ಅದನ್ನು ಒಡೆದು ಮೇಲೆ ಬರಲು ಕಷ್ಟಪಡುತ್ತದೆ. ನಿಮ್ಮ ಪಾಯದ ಮಣ್ಣಿನಲ್ಲೂ ಇದೇ ಬೆರಳ ಪರೀಕ್ಷೆ ಮಾಡು. ಅರ್ಧ ಅಡಿ ಆಳದ್ದು ಪಟ್ಟಿಯಾಗುವ ಮೊದಲೇ ಉದುರಬೇಕು, ಎರಡೂವರೆ ಅಡಿಯದ್ದು ಪಟ್ಟಿಯಾಗಿ ಉದ್ದಕ್ಕೆ ಬರಬೇಕು. ಎರಡೂ ಒಂದೇ ಥರ ಬಂದರೆ ಆ ಸೈಟಿನ ಮೇಲ್ಮಣ್ಣನ್ನು ಯಾರೋ ಮೊದಲೇ ಕೆರೆದು ತೆಗೆದಿದ್ದಾರೆ, ಇಲ್ಲವೇ ಹೊರಗಿನ ಕೆಂಪು ಮಣ್ಣು ತುಂಬಿದ್ದಾರೆ.